ಅಮ್ಮನ ಹಳೇ ಫೋಟೋದಲ್ಲಿ ನಾನೂ ಹೋಗಿ ಕೂತೆ: ಈ ಉಡುಗೊರೆ ಮಾಡುವುದು ಹೇಗೆ

ಅಮ್ಮನಿಗೆ ಹನ್ನೊಂದು ವರ್ಷ. ಮೊಗ್ಗಿನ ಜಡೆ, ಉದ್ದ ಲಂಗ, ಬಿಳಿ ಜಾಕೀಟು. ಬೆನ್ನ ಹಿಂದೆ ಒಂದು ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿದ್ದಾರೆ, ಜಡೆ ಪೂರ್ತಿ ಕಾಣಲಿ ಅಂತ. 1981ರ ಬೇಸಿಗೆಯಲ್ಲಿ ಸಾಗರದ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು-ಬಿಳುಪು ಫೋಟೋ ಇದು. ಇಂಥದ್ದೊಂದು ನಿಮ್ಮ ಮನೆಯಲ್ಲೂ ಇರಬಹುದು. ಮಲ್ಲಿಗೆ ಕಾಲ ಬಂತು ಅಂದ್ರೆ ಹೆಣ್ಣುಮಕ್ಕಳಿಗೆ ಜಡೆ ಹಾಕಿಸಿ ಸ್ಟುಡಿಯೋಗೆ ಕರೆದುಕೊಂಡು ಹೋಗುವುದು ಆಗ ನಮ್ಮ ಕಡೆ ಒಂದು ಹಬ್ಬವೇ ಆಗಿತ್ತು.

ನಾನಿರುವುದು ನೆದರ್ಲ್ಯಾಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ. ನವೆಂಬರ್‌ನಲ್ಲಿ ಬರುವ ಅಮ್ಮನ ಹುಟ್ಟುಹಬ್ಬಕ್ಕೆ ಊರಿಗೆ ಹೋಗಲು ಆಗುವುದಿಲ್ಲ ಅಂತ ಗೊತ್ತಾದ ದಿನ ಈ ಫೋಟೋ ನೆನಪಾಯಿತು. ಅದರ ಎಡಗಡೆ ಜಾಗ ಖಾಲಿ ಇದೆ. ಪರದೆ ಮೇಲೆ ಬರೆದ ಒಂದು ಕಂಬ ಬಿಟ್ಟರೆ ಅಲ್ಲಿ ಏನೂ ಇಲ್ಲ. ಆ ಜಾಗದಲ್ಲಿ ನಾನು ಕೂತರೆ? ಅಮ್ಮನಿಗೆ ಹನ್ನೊಂದು, ನನಗೆ ಇಪ್ಪತ್ತಾರು, ಇಬ್ಬರೂ ಒಂದೇ ಸ್ಟುಡಿಯೋದಲ್ಲಿ, ಒಂದೇ ಮಧ್ಯಾಹ್ನ.

ಇದನ್ನು ಮಾಡಲು ನನಗೆ ಮೂರು ವಾರ ಹಿಡಿಯಿತು. ಮೊದಲ ವಾರದ ಕೆಲಸವನ್ನೆಲ್ಲ ಬಿಸಾಡಬೇಕಾಯಿತು. ನಿಮಗೆ ಹಾಗಾಗಬಾರದು ಅಂತಲೇ ಮಾಡಿದ ಕ್ರಮದಲ್ಲೇ ಎಲ್ಲ ಬರೆಯುತ್ತಿದ್ದೇನೆ. ಬಳಸಿದ್ದು ಗಿಂಪ್ ಅನ್ನುವ ಉಚಿತ ತಂತ್ರಾಂಶ, ಒಂದು ಫೋನ್, ಒಂದು ಟೇಬಲ್ ಲ್ಯಾಂಪ್, ಒಂದು ಬೂದು ಬಣ್ಣದ ಬೆಡ್‌ಶೀಟ್, ಅಷ್ಟೇ. ಮೆನುವಿನ ಹೆಸರುಗಳನ್ನು ಪರದೆಯಲ್ಲಿ ಕಾಣುವ ಹಾಗೇ ಕೊಟ್ಟಿದ್ದೇನೆ.

ಮೊದಲು ಫೋಟೋ ಕೈಗೆ ಬರಬೇಕು, ಅದೂ ಅಮ್ಮನಿಗೆ ಗೊತ್ತಾಗದ ಹಾಗೆ

ಚಿಕ್ಕಮ್ಮನನ್ನು ಹಿಡಿದೆ. ಅಮ್ಮ ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಮಲಗುತ್ತಾರೆ. ಚಳಿಗಾಲದಲ್ಲಿ ಇಲ್ಲಿಗೂ ಊರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಹಾಗಾಗಿ ನಾನು ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ಎರಡೂವರೆ, ಸರಿಯಾದ ಹೊತ್ತು.

ಚಿಕ್ಕಮ್ಮ ಮೊದಲು ಆಲ್ಬಮ್ ತೆರೆದು ಫೋನ್‌ನಲ್ಲೇ ಒಂದು ಚಿತ್ರ ತೆಗೆದು ಚಾಟ್‌ನಲ್ಲಿ ಕಳಿಸಿದರು. ನೋಡಲು ಚೆನ್ನಾಗಿಯೇ ಇತ್ತು. ನಾನು ಅದರ ಮೇಲೇ ಕೆಲಸ ಶುರು ಮಾಡಿದೆ, ಅದೇ ಮೊದಲ ತಪ್ಪು. ಚಾಟ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ದೊಡ್ಡದು ಮಾಡಿ ನೋಡಿದಾಗ ಅಮ್ಮನ ರೆಪ್ಪೆ ಇರಬೇಕಾದ ಜಾಗದಲ್ಲಿ ಚೌಕ ಚೌಕ ಕಲೆಗಳು. ಸಾಲದ್ದಕ್ಕೆ ಆಲ್ಬಮ್‌ನ ಪ್ಲಾಸ್ಟಿಕ್ ಹಾಳೆಯ ಹೊಳಪು ಲಂಗದ ಮೇಲೆಲ್ಲ ಹರಡಿತ್ತು.

ಸ್ಕ್ಯಾನ್ ಮಾಡಿಸಿ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲೋ ಸ್ಟುಡಿಯೋದಲ್ಲೋ ಫ್ಲಾಟ್‌ಬೆಡ್ ಸ್ಕ್ಯಾನರ್ ಇದ್ದರೆ ಸಾಕು. ಅಲ್ಲಿ ಮೂರು ಮಾತು ಹೇಳಬೇಕು: 600 ಡಿಪಿಐ ಇಡಿ, ಕಪ್ಪು-ಬಿಳುಪು ಫೋಟೋ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, TIFF ಆಗಿ ಉಳಿಸಿ. ಕಲರ್ ಯಾಕೆ ಅಂದ್ರೆ ನಲವತ್ತು ವರ್ಷದಲ್ಲಿ ಕಾಗದಕ್ಕೆ ಬಂದಿರುವ ಹಳದಿ ಛಾಯೆ ಮುಂದೆ ನಮಗೆ ಬೇಕಾಗುತ್ತದೆ. ನಮ್ಮದು 4 ಇಂಚು ಅಗಲ, 6 ಇಂಚು ಎತ್ತರದ ಪ್ರಿಂಟು. 600ರಲ್ಲಿ ಸ್ಕ್ಯಾನ್ ಮಾಡಿದಾಗ 2400 × 3600 ಪಿಕ್ಸೆಲ್ ಬಂತು. ಇಂಚಿಗೆ 300ರಂತೆ ಪ್ರಿಂಟ್ ಹಾಕಿಸಿದರೆ ಸರಿಯಾಗಿ 8 × 12 ಇಂಚು. ಗೋಡೆಗೆ ಇದಕ್ಕಿಂತ ದೊಡ್ಡದು ಬೇಡ. ದೊಡ್ಡದು ಮಾಡಿದಷ್ಟೂ ನಮ್ಮ ಕೈಚಳಕದ ಹೊಲಿಗೆ ಕಾಣುತ್ತದೆ.

ಫೋಟೋ ಆಲ್ಬಮ್‌ಗೆ ಅಂಟಿಕೊಂಡಿದ್ದರೆ ದಯವಿಟ್ಟು ಕೀಳಲು ಹೋಗಬೇಡಿ. ಪುಟ ಸಮೇತ ಸ್ಕ್ಯಾನರ್ ಮೇಲೆ ಇಡಿ. ಫ್ರೇಮಿನ ಗಾಜಿಗೇ ಅಂಟಿದ್ದರೂ ಅಷ್ಟೇ, ಗಾಜಿನ ಜೊತೆಗೇ ಇಟ್ಟು ಸ್ಕ್ಯಾನ್ ಮಾಡಿಸಿ. ಸ್ಕ್ಯಾನರ್ ಸಿಗದ ಊರಾದರೆ ಫೋಟೋವನ್ನು ಕಿಟಕಿ ಹತ್ತಿರ ಮೇಜಿನ ಮೇಲೆ ಮಲಗಿಸಿ. ಬೆಳಕು ಪಕ್ಕದಿಂದ ಬರಲಿ, ಫ್ಲ್ಯಾಶ್ ಬೇಡ. ಫೋನನ್ನು ಫೋಟೋಗೆ ನೇರ ಮೇಲೆ ಹಿಡಿದು ಸ್ವಲ್ಪ ಎತ್ತರದಿಂದ ಜೂಮ್ ಮಾಡಿ ತೆಗೆಯಿರಿ. ಕಳಿಸುವಾಗ ಇಮೇಲ್‌ನಲ್ಲಿ ಕಳಿಸಿ, ಇಲ್ಲವೇ ಚಾಟ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ.

ಫೋಟೋವನ್ನು ಓದುವುದು

ಇಲ್ಲಿ ಆತುರ ಬೇಡ. ನಿಮ್ಮ ಫೋಟೋ ತೆಗೆಯುವ ಮುಂಚೆ ಒಂದು ಸಂಜೆ ಪೂರ್ತಿ ಹಳೇ ಫೋಟೋವನ್ನು ನೋಡುತ್ತಾ ಕೂರಿ. ಮೂರು ವಿಷಯ ಗೊತ್ತಾಗಬೇಕು: ಬೆಳಕು ಎಲ್ಲಿಂದ ಬಂದಿದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ನಾನು ಎಷ್ಟು ದೊಡ್ಡದಾಗಿ ಕಾಣಬೇಕು.

ಬೆಳಕನ್ನು ಮೂಗಿನ ನೆರಳು ಹೇಳುತ್ತದೆ. ಅಮ್ಮನ ಮೂಗಿನ ನೆರಳು ಚಿತ್ರದ ಬಲಕ್ಕೆ, ಸ್ವಲ್ಪ ಕೆಳಕ್ಕೆ ಬಿದ್ದಿತ್ತು. ಅಂದ್ರೆ ದೊಡ್ಡ ದೀಪ ಎಡಗಡೆ ಮೇಲೆ. ಕಣ್ಣೊಳಗೆ ನೋಡಿದರೆ ಬಿಳಿ ಚುಕ್ಕಿಯೂ ಎಡಕ್ಕೇ ಇತ್ತು. ನೆಲದ ಮೇಲೆ ಲಂಗದ ನೆರಳು ಬಲಕ್ಕೆ ಹರಡಿತ್ತು. ಮೂರೂ ಒಂದೇ ಮಾತು ಹೇಳಿದವು.

ಕ್ಯಾಮೆರಾದ ಎತ್ತರ ತಿಳಿಯಲು ಅಮ್ಮನ ಹಿಂದಿನ ಕನ್ನಡಿಯೇ ಸಹಾಯ ಮಾಡಿತು. ಓರೆಯಾಗಿ ನಿಲ್ಲಿಸಿದ ಕನ್ನಡಿಯ ಮೇಲಿನ ಅಂಚು ಫೋಟೋದಲ್ಲಿ ಕೆಳಕ್ಕೆ ವಾಲುತ್ತದೆ, ಕೆಳಗಿನ ಅಂಚು ಮೇಲಕ್ಕೆ ಏರುತ್ತದೆ. ಫೋಟೋದ ಒಂದು ಕಾಪಿಯನ್ನು ಪ್ರಿಂಟ್ ಮಾಡಿ, ಸ್ಕೇಲ್ ಇಟ್ಟು ಎರಡೂ ಗೆರೆಗಳನ್ನು ಉದ್ದಕ್ಕೆ ಎಳೆಯಿರಿ. ಅವು ಎಲ್ಲಿ ಸೇರುತ್ತವೋ ಅದೇ ಕ್ಯಾಮೆರಾದ ಎತ್ತರ. ನನ್ನ ಗೆರೆಗಳು ಕಾಗದದ ಆಚೆ, ಮೇಜಿನ ಮೇಲೆ ಹೋಗಿ ಸೇರಿದವು. ಆ ಬಿಂದುವಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆದರೆ ಅದು ಅಮ್ಮನ ಎದೆಯ ಮಟ್ಟಕ್ಕೆ ಬಂತು. ನಿಮ್ಮ ಫೋಟೋದಲ್ಲಿ ಕನ್ನಡಿ ಇಲ್ಲದಿದ್ದರೆ ನೆಲದ ಹಂಚಿನ ಗೆರೆಗಳು, ಮೇಜಿನ ಅಂಚುಗಳು ಇದೇ ಕೆಲಸ ಮಾಡುತ್ತವೆ. ಇದನ್ನು ಬಿಟ್ಟು ಸುಮ್ನೆ ನಿಮ್ಮ ಕಣ್ಣಿನ ಎತ್ತರದಿಂದ ಫೋಟೋ ತೆಗೆದರೆ ನಿಮ್ಮ ಮಡಿಲು ಮೇಲಿನಿಂದ ಕಾಣುತ್ತದೆ, ಅಮ್ಮ ಎದುರಿನಿಂದ ಕಾಣುತ್ತಾರೆ. ಏನೋ ಸರಿಯಿಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ. ಏನು ಅಂತ ಮಾತ್ರ ಯಾರಿಗೂ ಹೇಳಲು ಆಗುವುದಿಲ್ಲ.

ಇನ್ನು ಗಾತ್ರ. ಆವತ್ತು ಅಮ್ಮ ಎಷ್ಟು ಎತ್ತರ ಇದ್ದರೋ ಯಾರಿಗೆ ನೆನಪಿರುತ್ತದೆ? ಎತ್ತರ ಬಿಡಿ, ತಲೆ ಅಳೆಯಿರಿ. ಹತ್ತು-ಹನ್ನೊಂದು ವರ್ಷಕ್ಕೆ ಮಕ್ಕಳ ತಲೆ ಹೆಚ್ಚುಕಡಿಮೆ ದೊಡ್ಡವರಷ್ಟೇ ಆಗಿರುತ್ತದೆ, ಸ್ವಲ್ಪ ಮಾತ್ರ ಚಿಕ್ಕದು. ಗಲ್ಲದಿಂದ ನೆತ್ತಿಯವರೆಗೆ ಅಮ್ಮನ ತಲೆ 395 ಪಿಕ್ಸೆಲ್ ಇತ್ತು. ನನ್ನದನ್ನು 460 ಇಟ್ಟೆ. ಒಂದಿಷ್ಟು ವಯಸ್ಸಿಗೆ, ಇನ್ನೊಂದಿಷ್ಟು ನಾನು ಕ್ಯಾಮೆರಾಕ್ಕೆ ಒಂದಡಿ ಹತ್ತಿರ ಕೂತಿದ್ದಕ್ಕೆ. ಯಾಕೆ ಒಂದಡಿ ಮುಂದೆ ಅಂತ ಈಗ ಹೇಳುತ್ತೇನೆ.

ಕನ್ನಡಿಯಲ್ಲಿ ನಾನಿಲ್ಲ

ಮೊದಲ ವಾರ ನಾನು ಬಿಸಾಡಿದ ಚಿತ್ರದಲ್ಲಿ ನಾನು ಅಮ್ಮನ ಬಲಕ್ಕೆ, ಕನ್ನಡಿಯ ಪಕ್ಕ ನಿಂತಿದ್ದೆ. ಬೆಳಕು ಸರಿ ಇತ್ತು, ಗಾತ್ರ ಸರಿ ಇತ್ತು. ರಾತ್ರಿ ಹನ್ನೆರಡಕ್ಕೆ ಕೆಲಸ ಮುಗಿಸಿ ಒಮ್ಮೆ ಹಿಂದೆ ಸರಿದು ನೋಡಿದೆ. ಕನ್ನಡಿಯಲ್ಲಿ ಅಮ್ಮನ ಬೆನ್ನಿದೆ, ಜಡೆಯಿದೆ, ಜಡೆಯ ತುದಿಯ ಕುಚ್ಚಿದೆ. ಅದಕ್ಕೆ ಅಷ್ಟು ಹತ್ತಿರ ನಿಂತ ನಾನು ಇಲ್ಲ. ಮೈ ಜುಮ್ಮೆಂದಿತು. ಹುಟ್ಟುಹಬ್ಬಕ್ಕೆ ಕೊಡುವ ಚಿತ್ರವೇ ಅಲ್ಲ ಅದು.

ಮೊಗ್ಗಿನ ಜಡೆಯ ಫೋಟೋಗಳಲ್ಲಿ ಕನ್ನಡಿ ಇದ್ದೇ ಇರುತ್ತದೆ. ಹಾಗಾಗಿ ಈ ತೊಂದರೆ ನಿಮಗೂ ಬರುತ್ತದೆ. ಕಾಗದದ ಮೇಲೆ ಕೋನ ಲೆಕ್ಕ ಹಾಕುವ ಬದಲು ಮನೆಯಲ್ಲೇ ಮಾಡಿ ನೋಡಿ. ಅಮ್ಮನ ಜಾಗಕ್ಕೆ ಒಂದು ಕುರ್ಚಿ ಇಟ್ಟು ಅದರ ಮೇಲೆ ಪೆಟ್ಟಿಗೆ ನಿಲ್ಲಿಸಿದೆ. ಕನ್ನಡಿಯ ಜಾಗಕ್ಕೆ ಬೀರುವಿನ ಪಕ್ಕದ ನಿಲುವುಗನ್ನಡಿ ತಂದು ಅದೇ ಓರೆಯಲ್ಲಿ ಇಟ್ಟೆ. ಕ್ಯಾಮೆರಾದ ಜಾಗದಲ್ಲಿ ಫೋನಿಟ್ಟು ವಿಡಿಯೋ ಓಡಿಸಿ, ಪೆಟ್ಟಿಗೆಯ ಸುತ್ತ ಒಂದೊಂದೇ ಜಾಗದಲ್ಲಿ ಕೂತು ಎದ್ದೆ. ಬಲಕ್ಕೆ ಎಲ್ಲಿ ಹೋದರೂ ಕನ್ನಡಿಯಲ್ಲಿ ಕಂಡೆ. ಎಡಕ್ಕೆ ಸ್ವಲ್ಪ ಹಿಂದೆ ಕೂತರೂ ಕಂಡೆ. ಎಡಕ್ಕೆ, ಪೆಟ್ಟಿಗೆಗಿಂತ ಒಂದಡಿ ಮುಂದೆ ಬಂದು ಕೂತಾಗ ಮಾತ್ರ ಮಾಯವಾದೆ. ಕನ್ನಡಿಯಿಂದ ನೋಡಿದರೆ ನಾನು ಸರಿಯಾಗಿ ಪೆಟ್ಟಿಗೆಯ ಹಿಂದೆ ಇದ್ದೆ. ಅಂದ್ರೆ ಫೋಟೋದಲ್ಲಿ ಅಮ್ಮನೇ ನನ್ನನ್ನು ಮರೆ ಮಾಡುತ್ತಾರೆ.

ನಿಲ್ಲುವ ಬದಲು ಕೂತಿದ್ದೂ ಇದಕ್ಕೇ. ನಿಂತರೆ ನನ್ನ ತಲೆ ಹನ್ನೊಂದು ವರ್ಷದ ಹುಡುಗಿಯ ತಲೆಗಿಂತ ಮೇಲೆ ಹೋಗಿ ಕನ್ನಡಿಯಲ್ಲಿ ಕಂಡುಬಿಡುತ್ತದೆ. ಕುರ್ಚಿಯಲ್ಲಿ ಕೂತರೆ ಇಬ್ಬರ ಕಣ್ಣೂ ಸುಮಾರು ಒಂದೇ ಮಟ್ಟಕ್ಕೆ ಬರುತ್ತದೆ. ಅದು ನೋಡಲೂ ಚೆಂದ.

ಬೇರೆ ದಾರಿ ಇಲ್ಲದೆ ಕನ್ನಡಿಯಲ್ಲಿ ಕಾಣಲೇಬೇಕು ಅಂತಾದರೆ ನಿಮ್ಮ ಬೆನ್ನಿನ ಫೋಟೋವನ್ನೂ ತೆಗೆದು, ಎಡ-ಬಲ ತಿರುಗಿಸಿ ಕನ್ನಡಿಯೊಳಗೆ ಹಾಕಬೇಕು. ಸೆರಗು ನೋಡಿ ತಾಳೆ ಹಾಕಿ. ಎದುರಿನ ಚಿತ್ರದಲ್ಲಿ ಸೆರಗಿನ ಹೆಗಲು ಯಾವ ಬದಿಗಿದೆಯೋ ಕನ್ನಡಿಯಲ್ಲೂ ಅದೇ ಬದಿಗಿರಬೇಕು. ಮಾಡಬಹುದು, ಆದರೆ ಕೆಲಸ ಎರಡರಷ್ಟಾಗುತ್ತದೆ.

ನಿಮ್ಮ ಫೋಟೋ ತೆಗೆಯುವುದು

ಕ್ಯಾಮೆರಾ ದೂರ ಇರಬೇಕು. ಹತ್ತಿರದಿಂದ ತೆಗೆದ ಫೋನ್ ಫೋಟೋದಲ್ಲಿ ಮೂಗು ಮುಂದೆ ಬರುತ್ತದೆ, ಕಿವಿ ಹಿಂದೆ ಹೋಗುತ್ತದೆ. ಸ್ಟುಡಿಯೋದವರು ಪೂರ್ತಿ ಆಳು ತೆಗೆಯಲು ದೂರ ನಿಲ್ಲುತ್ತಿದ್ದರು. ನಾನು ಅಮ್ಮನ ಜಾಗದಿಂದ ಹನ್ನೆರಡು ಅಡಿ ಅಂತ ಇಟ್ಟುಕೊಂಡೆ. ನನ್ನ ಕೋಣೆ ಅಷ್ಟು ದೊಡ್ಡದಿಲ್ಲ. ಬಾಗಿಲು ತೆಗೆದು, ಹೊರಗಿನ ಓಣಿಯಲ್ಲಿ ಒಂದು ಸ್ಟೂಲು, ಅದರ ಮೇಲೆ ಪುಸ್ತಕ ಪೇರಿಸಿ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರಕ್ಕೆ ಫೋನಿಟ್ಟೆ. ಜೂಮ್ 2x, ಟೈಮರ್ ಹತ್ತು ಸೆಕೆಂಡ್. ಪೋರ್ಟ್ರೇಟ್ ಮೋಡ್ ಮತ್ತು ಬ್ಯೂಟಿ ಫಿಲ್ಟರ್ ಎರಡನ್ನೂ ಆಫ್ ಮಾಡಿ. ಅವು ಕೂದಲಿನ ಅಂಚನ್ನು ತಿಂದುಹಾಕುತ್ತವೆ.

ಹಿಂದೆ ಬೂದು ಬೆಡ್‌ಶೀಟ್ ಕಟ್ಟಿ. ಬಿಳಿ ಬೇಡ. ಸ್ಟುಡಿಯೋ ಪರದೆ ಎಷ್ಟು ಗಾಢವಾಗಿದೆಯೋ ಅಷ್ಟೇ ಗಾಢ ಇದ್ದರೆ ಕೂದಲು ಕತ್ತರಿಸುವಾಗ ಅಂಚಿನಲ್ಲಿ ಉಳಿಯುವ ಬಣ್ಣ ಪರದೆಯೊಂದಿಗೇ ಬೆರೆತುಹೋಗುತ್ತದೆ. ಬಿಳಿ ಬೆಡ್‌ಶೀಟಿನಲ್ಲಿ ತೆಗೆದರೆ ತಲೆ ಸುತ್ತ ದೇವರ ಪಟದ ಪ್ರಭಾವಳಿ ಥರ ಬಿಳಿ ಗೆರೆ ಬರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ದೀಪ ಎಡಗಡೆ ಮೇಲೆ, ಫೋಟೋದಲ್ಲಿರುವಂತೆ. ಟೇಬಲ್ ಲ್ಯಾಂಪನ್ನು ಬೀರುವಿನ ಮೇಲಿಟ್ಟು, ತುಸು ಮೆತ್ತಗಾಗಲಿ ಅಂತ ಮುಂದೆ ಸ್ವಲ್ಪ ದೂರದಲ್ಲಿ ತೆಳು ಬಿಳಿ ಬಟ್ಟೆ ಇಳಿಬಿಟ್ಟೆ. ಬಟ್ಟೆ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ. ಒಂದು ಫೋಟೋ ತೆಗೆದು ಮೂಗಿನ ನೆರಳನ್ನು ಅಮ್ಮನದರ ಪಕ್ಕ ಇಟ್ಟು ನೋಡಿ. ಹೊಂದುವವರೆಗೆ ದೀಪ ಸರಿಸಿ. ನನಗೆ ಹದಿನಾರು ಸಲ ಬೇಕಾಯಿತು.

ಉಡುಪಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಲಂಗ ಉಟ್ಟು ಚಿಕ್ಕ ಹುಡುಗಿಯಂತೆ ವೇಷ ಹಾಕಬೇಡಿ. ನೀವು ಮಗಳಾಗಿಯೇ, ನಿಮ್ಮ ಈಗಿನ ವಯಸ್ಸಿನಲ್ಲೇ ಹೋಗಿ. ಮಿಂಚು, ಜರಿ ಜಾಸ್ತಿ ಇಲ್ಲದ ಹತ್ತಿ ಸೀರೆ ಸಾಕು. ಕೈಗಡಿಯಾರ, ಕನ್ನಡಕ ತೆಗೆದಿಡಿ. ಸೀರೆಗೆ ಇನ್ನೊಂದು ಅನುಕೂಲವೂ ಇದೆ. ಪಾದ ಮುಚ್ಚಿಹೋಗುತ್ತದೆ, ಚಪ್ಪಲಿಯೋ ಬರಿಗಾಲೋ ಅನ್ನುವ ಚಿಂತೆ ಇಲ್ಲ.

ಅಮ್ಮನ ಹೆಗಲ ಮೇಲೆ ಕೈ ಇಡಬೇಕು ಅಂತ ನನಗೆ ತುಂಬಾ ಆಸೆ ಇತ್ತು. ಆಗಲಿಲ್ಲ. ನಿಜವಾದ ಕೈ ಬಿದ್ದರೆ ಜಾಕೀಟಿನ ಬಟ್ಟೆ ಒತ್ತಿ ಸುಕ್ಕಾಗಬೇಕು. 1981ರ ಆ ಬಟ್ಟೆಯಲ್ಲಿ ಸುಕ್ಕಿಲ್ಲ. ಕೈ ಗಾಳಿಯಲ್ಲಿ ತೇಲಿದಂತೆ ಕಂಡಿತು. ಕೊನೆಗೆ ಎರಡೂ ಕೈ ಮಡಿಲಲ್ಲಿ ಇಟ್ಟು, ಕ್ಯಾಮೆರಾವನ್ನೇ ನೇರ ನೋಡಿದೆ. ಆ ಕಾಲದ ಸ್ಟುಡಿಯೋದಲ್ಲಿ ಎಲ್ಲರೂ ಹಾಗೇ ಕೂರುತ್ತಿದ್ದರು ಅಲ್ವಾ.

ಗಿಂಪ್‌ನಲ್ಲಿ ಸೇರಿಸುವುದು

ಸ್ಕ್ಯಾನ್ ತೆರೆದ ಕೂಡಲೇ ಒಂದು ಕೆಲಸ ಮಾಡಿ. ಬಣ್ಣ ಎತ್ತುವ ಉಪಕರಣದಿಂದ ಫೋಟೋದಲ್ಲಿರುವ ಸ್ಟುಡಿಯೋ ಪರದೆಯ ಮಧ್ಯದ ಒಂದು ಚುಕ್ಕಿಯ ಹಳದಿ-ಕಂದು ಬಣ್ಣ ಎತ್ತಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಮೂಲ ಪದರದ ಒಂದು ನಕಲು ಮಾಡಿ, ಮೂಲವನ್ನು ಮುಟ್ಟದೆ ಬಿಡಿ. ಪದರ ಅಂದ್ರೆ ಗಿಂಪ್‌ನಲ್ಲಿ ಒಂದರ ಮೇಲೊಂದು ಪೇರಿಸುವ ಚಿತ್ರದ ಹಾಳೆ. ನಕಲನ್ನು `Colors > Desaturate` ಮೂಲಕ ಶುದ್ಧ ಕಪ್ಪು-ಬಿಳುಪು ಮಾಡಿ. ಇನ್ನು ಎಲ್ಲ ಕೆಲಸ ಕಪ್ಪು-ಬಿಳುಪಿನಲ್ಲೇ. ಹಳದಿ ಕೊನೆಗೆ ಇಬ್ಬರಿಗೂ ಒಟ್ಟಿಗೆ ಬರುತ್ತದೆ.

`File > Open as Layers` ಒತ್ತಿ ನಿಮ್ಮ ಫೋಟೋ ತನ್ನಿ. ಅದನ್ನೂ ಕಪ್ಪು-ಬಿಳುಪು ಮಾಡಿ, ತಲೆಯ ಅಳತೆ ನೋಡಿ ಗಾತ್ರ ಇಳಿಸಿ, ಜಾಗಕ್ಕೆ ಸರಿಸಿ. ಸುತ್ತಲಿನ ಬೆಡ್‌ಶೀಟನ್ನು ಅಳಿಸಬೇಡಿ. `Layer > Mask` ಒಳಗೆ ಹೋಗಿ ಬಿಳಿ ಮಾಸ್ಕ್ ಸೇರಿಸಿ, ಮರೆಯಾಗಬೇಕಾದ ಕಡೆ ಕಪ್ಪು ಬ್ರಷ್‌ನಿಂದ ಬಳಿಯಿರಿ. ತಪ್ಪಾದರೆ ಬಿಳಿ ಬಳಿದರೆ ವಾಪಸ್ ಬರುತ್ತದೆ. ಅಂಚಿಗೆ ಸ್ವಲ್ಪ ಮೆದು ಬ್ರಷ್ ಸಾಕು, ಎರಡು-ಮೂರು ಪಿಕ್ಸೆಲ್ ಮೆದು. ಒಂದಡಿ ಮುಂದೆ ಕೂತಿದ್ದರ ಲಾಭ ಇಲ್ಲೂ ಸಿಗುತ್ತದೆ. ನಾನು ಅಮ್ಮನ ಲಂಗದ ಅಂಚಿನ ಮೇಲೆ ಬರುತ್ತೇನೆ, ಹಾಗಾಗಿ ಅಮ್ಮನನ್ನು ಎಲ್ಲೂ ಕತ್ತರಿಸುವ ಅಗತ್ಯವೇ ಬೀಳುವುದಿಲ್ಲ.

ಈಗ ನೋಡಿದರೆ ನೀವು ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತೀರಿ. ಗಾಬರಿ ಬೇಡ. ಕಾರಣ ಕಪ್ಪು. ಹಳೇ ಪ್ರಿಂಟಿನಲ್ಲಿ ಅಚ್ಚ ಕಪ್ಪು ಇರುವುದಿಲ್ಲ, ಅಚ್ಚ ಬಿಳಿಯೂ ಇರುವುದಿಲ್ಲ. ಅಮ್ಮನ ಕೂದಲಿನ ಅತಿ ಕಪ್ಪು ಜಾಗವನ್ನು ಅಳೆದರೆ 0ಯಿಂದ 255ರ ಲೆಕ್ಕದಲ್ಲಿ 48 ಬಂತು. ಅತಿ ಬಿಳಿಯಾದ ಮೊಗ್ಗು 218. ನನ್ನ ಕೂದಲು 12, ಸೀರೆಯ ಬಿಳಿ ಅಂಚು 245. ನಿಮ್ಮ ಪದರ ಆರಿಸಿ, ಮಾಸ್ಕ್ ಅಲ್ಲ ಚಿತ್ರವೇ ಆಯ್ಕೆಯಾಗಿದೆಯೇ ಅಂತ ನೋಡಿ, `Colors > Levels` ತೆರೆಯಿರಿ. ಕೆಳಗಿನ `Output Levels` ಜಾಗದಲ್ಲಿ ಅಮ್ಮನ ಎರಡು ಸಂಖ್ಯೆ ಹಾಕಿ. ನಾನು 48, 218 ಹಾಕಿದೆ. ಅಷ್ಟೇ ಮಾಡಿದ್ದಕ್ಕೆ ಅರ್ಧ ಸ್ಟುಡಿಯೋ ಒಳಗೆ ಹೋದೆ. ಇಡೀ ಕೆಲಸದಲ್ಲಿ ಇಷ್ಟು ಸುಲಭಕ್ಕೆ ಇಷ್ಟು ಫಲ ಕೊಡುವ ಹೆಜ್ಜೆ ಇನ್ನೊಂದಿಲ್ಲ.

ಆಮೇಲೆ ಮಸುಕು. ಫೋನಿನ ಫೋಟೋ ತುಂಬಾ ಚೂಪು. ನಿಮ್ಮ ರೆಪ್ಪೆ ಒಂದೊಂದೂ ಎಣಿಸಬಹುದು, ಅಮ್ಮನದು ಒಂದು ಗೆರೆ ಅಷ್ಟೇ. `Filters > Blur > Gaussian Blur` ನಲ್ಲಿ 1ರಿಂದ ಶುರು ಮಾಡಿ, ಇಬ್ಬರ ಕಣ್ಣನ್ನೂ ಅಕ್ಕಪಕ್ಕ ನೋಡುತ್ತಾ ಏರಿಸಿ. ನನಗೆ 1.8 ಸರಿಹೋಯಿತು. ಮಸುಕು ಮಾಡಿದ ಮೇಲೆ ಚರ್ಮ ಮೇಣದಂತಾಗುತ್ತದೆ, ಯಾಕಂದ್ರೆ ಹಳೇ ಫೋಟೋದ ಕಾಳು ಕಾಳು ಅದರಲ್ಲಿಲ್ಲ. `Filters > Noise > RGB Noise` ತೆರೆದು `Independent RGB` ಗುರುತು ತೆಗೆಯಿರಿ. ತೆಗೆಯದಿದ್ದರೆ ಬಣ್ಣ ಬಣ್ಣದ ಚುಕ್ಕಿ ಬರುತ್ತವೆ. ಪ್ರಮಾಣ ಸ್ವಲ್ಪವೇ ಇರಲಿ. ಆ ಮೇಲೆ ಮತ್ತೆ 0.5ರಷ್ಟು ಮಸುಕು. ಹಳೇ ಕಾಳು ಒಂದೇ ಪಿಕ್ಸೆಲ್ಲಿನಷ್ಟು ಚೂಪಾಗಿರುವುದಿಲ್ಲ, ಹಾಗಾಗಿ ಈ ಕೊನೆಯ ಸ್ಪರ್ಶ ಬೇಕು. ಕ್ರಮ ಮಾತ್ರ ತಪ್ಪಿಸಬೇಡಿ: ಮೊದಲು ಮಸುಕು, ಆಮೇಲೆ ಕಾಳು.

ನೆರಳು ಎರಡು ಬೇಕು. ಸೀರೆ ನೆಲಕ್ಕೆ ತಾಗುವಲ್ಲಿ ಒಂದು ತೆಳ್ಳಗಿನ ಗಾಢ ಗೆರೆ. ಅದಿಲ್ಲದಿದ್ದರೆ ನೀವು ತೇಲುತ್ತೀರಿ. ಇನ್ನೊಂದು ದೊಡ್ಡದು, ಮೆದುವಾದದ್ದು. ಬೆಳಕು ಎಡದಿಂದ, ನಾನು ಅಮ್ಮನ ಎಡಕ್ಕೆ ಅಂದ ಮೇಲೆ ನನ್ನ ನೆರಳು ಅಮ್ಮನ ಲಂಗದ ಮೇಲೆ ಬೀಳಲೇಬೇಕು. ನನ್ನ ಪದರದ ಕೆಳಗೆ ಹೊಸ ಪದರ ಮಾಡಿ, ಅದರ ಮೋಡ್ `Multiply` ಇಟ್ಟು, ದೊಡ್ಡ ಮೆದು ಬ್ರಷ್‌ನಿಂದ ಲಂಗದ ಎಡ ನೆರಿಗೆಗಳ ಮೇಲೆ ನೆರಳು ಬಳಿದೆ. ಆಮೇಲೆ `Opacity` ಯನ್ನು 25ಕ್ಕೆ ಇಳಿಸಿದೆ. ನನ್ನ ನೆರಳು ಅಮ್ಮನ ಲಂಗದ ಮೇಲೆ ಬಿದ್ದ ಆ ಕ್ಷಣ, ಸುಳ್ಳಲ್ಲ, ಕಣ್ಣು ತುಂಬಿ ಬಂತು. ಅಲ್ಲಿಯವರೆಗೆ ಅದು ಬರೀ ಪದರಗಳ ಕೆಲಸವಾಗಿತ್ತು.

ಇನ್ನೊಂದು ಸಣ್ಣ ವಿಷಯ ಬಹಳ ಜನ ಮರೆಯುತ್ತಾರೆ. ಫೋಟೋದ ಕೆಳಗಿನ ಎಡ ಮೂಲೆಯಲ್ಲಿ ಯಾವಾಗಲೋ ಮಡಚಿದ ಬಿಳಿ ಗೆರೆ ಇತ್ತು. ಅದು ಈಗ ನನ್ನ ಮಡಿಲ ಹಿಂದೆ ಹೋಗಿ ನಿಂತುಬಿಟ್ಟಿದೆ. ಕಾಗದ ಮಡಚಿದ್ದು ನಿಜವಾದರೆ ಗೆರೆ ನನ್ನ ಮೇಲೂ ಹಾಯಬೇಕು. ಕಪ್ಪು-ಬಿಳುಪು ಮಾಡಿದ ಪದರದ ಇನ್ನೊಂದು ನಕಲನ್ನು ಎಲ್ಲಕ್ಕಿಂತ ಮೇಲೆ ತಂದು, ಮೋಡ್ `Lighten only` ಇಟ್ಟು, ಕಪ್ಪು ಮಾಸ್ಕ್ ಹಾಕಿ, ಗೆರೆ ಇರುವಲ್ಲಿ ಮಾತ್ರ ಸಣ್ಣ ಬಿಳಿ ಬ್ರಷ್ ಎಳೆಯಿರಿ. ಗೆರೆ ನಿಮ್ಮ ಸೀರೆಯ ಮೇಲೆ ಹಾಯ್ದು ಹೋಗುತ್ತದೆ. ಅಮ್ಮನ ಮುಖದ ಮೇಲಿನ ಚುಕ್ಕಿ, ಗೀರು ಯಾವುದನ್ನೂ ನಾನು ತೆಗೆಯಲಿಲ್ಲ. ಅವರ ಮುಖಕ್ಕೆ ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ. ಆ ಮುಖ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕೊನೆಗೆ ಹಳದಿ. ಎಲ್ಲಕ್ಕಿಂತ ಮೇಲೆ ಹೊಸ ಪದರ, ಅದರ ತುಂಬಾ ಬರೆದಿಟ್ಟುಕೊಂಡ ಬಣ್ಣ, ಮೋಡ್ `HSL Color`. ಇಬ್ಬರೂ ಒಂದೇ ಕಾಗದಕ್ಕೆ ಇಳಿಯುತ್ತೀರಿ.

ಪರೀಕ್ಷೆ

ಇಷ್ಟು ದಿನ ನೋಡಿ ನೋಡಿ ನಿಮ್ಮ ಕಣ್ಣು ಸೋತಿರುತ್ತದೆ. ಚಿತ್ರವನ್ನು ಎಡ-ಬಲ ತಿರುಗಿಸಿ ನೋಡಿ, ತಪ್ಪು ತಾನಾಗಿ ಎದ್ದು ಕಾಣುತ್ತದೆ. ಆಮೇಲೆ ಏನೂ ಹೇಳದೆ ಒಬ್ಬರಿಗೆ ತೋರಿಸಿ. ನಾನು ಚಿಕ್ಕಮ್ಮನಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಬಂತು.

"ಪುಟ್ಟೀ, ಅಕ್ಕನ ಪಕ್ಕ ಕೂತಿರೋದು ಯಾರೇ ಇದು? ಆವತ್ತು ನಾವಿಬ್ಬರೇ ಹೋಗಿದ್ದು. ಸಂಜೆ ಆದ್ರೆ ಮೊಗ್ಗು ಅರಳಿಬಿಡತ್ತೆ ಅಂತ ನಿನ್ನಜ್ಜಿ ಬಿಸಿಲಲ್ಲೇ ಓಡಿಸಿಕೊಂಡು ಹೋಗಿದ್ರು."

"ಸರಿಯಾಗಿ ನೋಡು ಚಿಕ್ಕಮ್ಮ."

ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಯ್ಯೋ, ನೀನೇ ಏನೇ!"

ಮೊಗ್ಗು ಅರಳುವ ಮುಂಚೆ ಓಡಿದ ಕಥೆ ನನಗೆ ಗೊತ್ತೇ ಇರಲಿಲ್ಲ. ಅದನ್ನು ಹಾಗೇ ಬರೆದಿಟ್ಟುಕೊಂಡೆ.

ಪ್ರಿಂಟ್

ಪ್ರಿಂಟ್ ಊರಲ್ಲೇ ಹಾಕಿಸಿದೆ, ಇಲ್ಲಿಂದ ಅಂಚೆಯಲ್ಲಿ ಕಳಿಸಿದರೆ ಮಡಚಿಹೋಗುವ ಭಯ. `File > Export As` ಮೂಲಕ JPEG ಮಾಡಿ, ಗುಣಮಟ್ಟ 95ಕ್ಕೆ ಏರಿಸಿ ಇಮೇಲ್ ಮಾಡಿ. ಮೊದಲು 4 × 6ರಲ್ಲಿ ಒಂದು ಹಾಕಿಸಿ ನೋಡಿ. ನಮ್ಮ ಮೊದಲ ಪ್ರಿಂಟಿನಲ್ಲಿ ಹಳದಿ ಪೂರ್ತಿ ಹೋಗಿ, ಕಪ್ಪು ಕಡುಕಪ್ಪಾಗಿ ಬಂದಿತ್ತು. ಹಳೇ ಫೋಟೋ ಅಂತ ಲ್ಯಾಬಿನಲ್ಲಿ ಅವರಾಗೇ ಸರಿ ಮಾಡಿಬಿಟ್ಟಿದ್ದರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು. "ಕರೆಕ್ಷನ್ ಏನೂ ಬೇಡ, ಇದ್ದ ಹಾಗೇ ಹಾಕಿ" ಅಂತ ಚಿಕ್ಕಮ್ಮ ನಿಂತು ಹೇಳಿ 8 × 12 ಹಾಕಿಸಿದರು. ಮ್ಯಾಟ್ ಕಾಗದ ಕೇಳಿ. ಹೊಳೆಯುವ ಕಾಗದದಲ್ಲಿ ಅಂಚಿನ ತಪ್ಪುಗಳು ಎದ್ದು ಕಾಣುತ್ತವೆ. ಫ್ರೇಮ್ ಹಾಕಿಸುವಾಗ ಸುತ್ತ ದಪ್ಪ ಕಾಗದದ ಅಂಚು ಇಡಿಸಿ, ಫೋಟೋ ಗಾಜಿಗೆ ತಾಗದಿರಲಿ. ಮಲೆನಾಡಿನ ಮಳೆಗಾಲಕ್ಕೆ ಗಾಜಿಗೆ ಅಂಟಿದ ಫೋಟೋ ಉಳಿಯುವುದಿಲ್ಲ.

ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯಿಸಿ: ಮೂಲ ಫೋಟೋ ಯಾವ ವರ್ಷದ್ದು, ನಿಮ್ಮನ್ನು ಸೇರಿಸಿದ್ದು ಯಾವ ವರ್ಷ. ಮುಂದೆ ಯಾರೋ ಮೊಮ್ಮಕ್ಕಳು ಇದನ್ನು ನೋಡಿ ಅಜ್ಜಿಗೆ ಒಬ್ಬಳು ಅಕ್ಕ ಇದ್ದಳು ಅಂದುಕೊಳ್ಳಬಾರದು.

ಇನ್ನೊಂದು: ಗಿಂಪ್ ಪದರಗಳ ಸಮೇತ ಉಳಿಸುವ XCF ಫೈಲನ್ನು ಅಳಿಸಬೇಡಿ. ಎರಡು ಕಡೆ ಇಡಿ. ಅದು ಬೇಕಾಗುತ್ತದೆ, ನನಗೆ ಹುಟ್ಟುಹಬ್ಬದ ದಿನವೇ ಬೇಕಾಯಿತು.

ಅವತ್ತು ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮ ಫ್ರೇಮನ್ನು ಅಮ್ಮನ ಮಡಿಲಲ್ಲಿಟ್ಟರು. ಅಮ್ಮ ಸೆರಗಿನಿಂದ ಗಾಜು ಒರೆಸಿದರು. ಬಹಳ ಹೊತ್ತು ನೋಡಿದರು. ಮೊದಲು ಕನ್ನಡಿಯ ಮೇಲೆ ಬೆರಳಿಟ್ಟು ಜಡೆಯ ಉದ್ದಕ್ಕೂ ಸವರಿದರು, ಆಮೇಲೆ ಬೆರಳು ನನ್ನ ಕಡೆ ಬಂತು.

"ನಿನ್ನ ತಲೆಯಲ್ಲಿ ಒಂದು ಹೂವೂ ಇಲ್ವಲ್ಲೇ," ಅಂದರು. "ನನಗೆ ಇಷ್ಟು ಮುಡಿಸಿದಾರೆ, ನಿನ್ನನ್ನ ಬೋಳುತಲೆಯಲ್ಲಿ ಕೂರಿಸಿದಾರಲ್ಲ."

ಆ ರಾತ್ರಿ ಫೈಲ್ ಮತ್ತೆ ತೆರೆದೆ. ಕನ್ನಡಿಯಲ್ಲಿ ಕಾಣುವ ಅಮ್ಮನ ಜಡೆಯಿಂದ ಒಂಬತ್ತು ಮೊಗ್ಗು ನಕಲು ಮಾಡಿ, ಹೊಸ ಪದರದಲ್ಲಿ ನನ್ನ ಎಡ ಕಿವಿಯ ಹಿಂದೆ ಒಂದೊಂದಾಗಿ ಇಟ್ಟೆ. ಅದೇ ಫೋಟೋದ ಮೊಗ್ಗು, ಅದೇ ಕಾಳು, ಅದೇ ಮಸುಕು. ಅವಕ್ಕೆ ಬೇರೇನೂ ಮಾಡಬೇಕಾಗಲಿಲ್ಲ.